ಮೇಜಿನ ಅಡಿಯ ನಂಬರು

ಉಗುರಿನಿಂದ ಒಮ್ಮೆ ತಟ್ಟಿದರೆ ಸಾಕು, ಸ್ಟೀಲಿನ ತಗಡು ಎಷ್ಟು ದಪ್ಪವಿದೆ ಎಂದು ಗುರುಪಾದ ಹೇಳಿಬಿಡುತ್ತಿದ್ದ. ಇಪ್ಪತ್ತೆರಡು ವರ್ಷ ಅದೇ ಕೆಲಸ. ಕುರ್ಲಾದ ಗಲ್ಲಿಯೊಂದರಲ್ಲಿ ಅವನದೊಂದು ಗಾಳಾ, ಶಟರಿನ ಸಣ್ಣ ವರ್ಕ್‌ಶಾಪು. ಮುಂಬಯಿಯ ಉಡುಪಿ ಹೋಟೆಲುಗಳಿಗೆ ಅಡುಗೆಮನೆಯ ಮೇಜು, ಇಡ್ಲಿ ಪೆಟ್ಟಿಗೆ, ತೊಳೆಯುವ ತೊಟ್ಟಿ ಮಾಡಿಕೊಡುತ್ತಿದ್ದ. ಆದರೆ ಆ ಮಂಗಳವಾರ ವಿಜೇತಾಳ ಲ್ಯಾಪ್‌ಟಾಪಿನಲ್ಲಿ ತೆರೆದಿದ್ದ ತೆರಿಗೆ ಇಲಾಖೆಯ ನೋಟಿಸನ್ನು ಮೂರು ಸಲ ಓದಿಸಿದರೂ ಅವನಿಗೆ ಅದರ ದಪ್ಪ ತಿಳಿಯಲಿಲ್ಲ.

"ಸರಳ ಮಾಡಿ ಹೇಳವ್ವಾ."

ವಿಜೇತಾ ಸ್ಟೇಷನ್ ಎದುರಿನ ಮಾಳಿಗೆಯಲ್ಲಿ ಕೂತು ಸಣ್ಣ ವ್ಯಾಪಾರಿಗಳ ಜಿಎಸ್‌ಟಿ ನೋಡುವವಳು. ಹುಟ್ಟಿದ್ದು, ಬೆಳೆದದ್ದು ಎಲ್ಲ ಮುಂಬಯಿ. ಕನ್ನಡ ನಡುನಡುವೆ ಎಡವುತ್ತಿತ್ತು. "ಕಾಕಾ, ನೀವು ಈಶ್ವರ ಕಾಕಾ ಹತ್ರ ಸ್ಟೀಲ್ ತಗೊಂಡ್ರಿ, ಬಿಲ್ ಮೇಲೆ ಅವರಿಗೆ ಟ್ಯಾಕ್ಸ್ ಕೊಟ್ರಿ. ಆಮೇಲೆ ನೀವು ಟೇಬಲ್ ಮಾರಿದಾಗ ಗವರ್ನಮೆಂಟಿಗೆ ಕಟ್ಟೋ ಟ್ಯಾಕ್ಸಲ್ಲಿ ಅದನ್ನ ಮೈನಸ್ ಮಾಡ್ಕೊಂಡ್ರಿ. ಅದೇ ಇನ್‌ಪುಟ್ ಕ್ರೆಡಿಟ್. ಈಗ ಹೇಳ್ತಿದ್ದಾರೆ, ಆ ಮೈನಸ್ ನಡೆಯಲ್ಲ, ವಾಪಸ್ ಕಟ್ಟಿ ಅಂತ."

"ಯಾಕ?"

"ಈಶ್ವರ ಕಾಕಾದು ಜಿಎಸ್‌ಟಿ ರಿಜಿಸ್ಟ್ರೇಶನ್ ಕ್ಯಾನ್ಸಲ್ ಆಗಿದೆ."

"ಯಾವಾಗ?"

"ಆರ್ಡರ್ ಮಾಡಿದ್ದು ಇದೇ ವರ್ಷ ಜನವರಿಯಲ್ಲಿ. ಬಟ್ ಕ್ಯಾನ್ಸಲ್ ಲೆಕ್ಕ ಹಿಡಿದದ್ದು ಇಪ್ಪತ್ತಮೂರರ ಏಪ್ರಿಲ್ ಒಂದರಿಂದ. ಹಿಂದಿನ ತಾರೀಖಿನಿಂದ."

"ಅಂದ್ರ ನಾನು ಮಾಲು ತಗೊಂಡಾಗ ಅಂವ ಇದ್ದ. ಈಗ ಅಂತಾರ, ಆವಾಗ ಅಂವ ಇರ್ಲೇ ಇಲ್ಲ."

"ಎಗ್ಸ್ಯಾಕ್ಟ್ಲಿ, ಕಾಕಾ."

ಇಪ್ಪತ್ತಮೂರರ ಏಪ್ರಿಲ್‌ನಿಂದ ಮುಂದಿನ ಮಾರ್ಚಿನವರೆಗೆ, ಆ ಒಂದು ಹಣಕಾಸು ವರ್ಷದಲ್ಲಿ ಈಶ್ವರನ ಐವತ್ತು ಬಿಲ್ಲು. ತೆರಿಗೆಯೇ ಆರೂವರೆ ಲಕ್ಷದ ಹತ್ತಿರ. ಬಡ್ಡಿ, ದಂಡ ಸೇರಿದರೆ ಒಂಬತ್ತು ದಾಟುತ್ತಿತ್ತು. ಅಷ್ಟು ಹಣ ಬರುವ ದಾರಿ ಗುರುಪಾದನಿಗೆ ಒಂದೇ ಇತ್ತು: ತಗಡು ಮಡಿಸುವ ಬೆಂಡಿಂಗ್ ಮಶೀನು ಮಾರುವುದು. ಅದಿಲ್ಲದ ಗಾಳಾ ಬರೀ ನೆರಳು. ಐವತ್ತೊಂದನೆಯ ವಯಸ್ಸಿನಲ್ಲಿ ಮತ್ತೆ ಇನ್ನೊಬ್ಬರ ಗಾಳಾದಲ್ಲಿ ದಿನಗೂಲಿಯ ವೆಲ್ಡರ್ ಆಗಿ ನಿಲ್ಲಬೇಕಾಗುತ್ತಿತ್ತು.

"ಉತ್ತರ ಕೊಡ್ಲಿಕ್ಕೆ ಮೂವತ್ತು ದಿನ," ಎಂದಳು ವಿಜೇತಾ. "ಮೊದಲು ಈಶ್ವರ ಕಾಕಾ ಹತ್ರ ಒಂದು ಲೆಟರ್ ತಗೊಂಡು ಬನ್ನಿ. ಮಾಲು ಕೊಟ್ಟಿದ್ದೇನೆ, ದುಡ್ಡು ಬ್ಯಾಂಕಲ್ಲಿ ಬಂದಿದೆ, ಅಷ್ಟೇ. ಎರಡು ಲೈನ್. ಅವರು ನಿಮ್ಮ ದೋಸ್ತ್ ಅಲ್ವಾ?"

"ದೋಸ್ತ್ ಏನು, ಒಂದ ಚಾದರದಾಗ ಮಲಗಿದಾಂವ." ಗುರುಪಾದ ನಕ್ಕು ಮೆಟ್ಟಿಲಿಳಿದ. ಬಿಜಾಪುರ ಕಡೆಯ ಒಂದೇ ಊರಿನಿಂದ ಒಂದೇ ರೈಲಿನಲ್ಲಿ ಬಂದು, ಒಂದೇ ಗಾಳಾದಲ್ಲಿ ಕಿಡಿ ಹಾರಿಸಿದವರು ಅವರಿಬ್ಬರು. ಒಬ್ಬ ತಗಡು ಮಾರುವವನಾದ, ಒಬ್ಬ ತಗಡು ಮಡಿಸುವವನಾದ. ಮಧ್ಯಾಹ್ನದ ಚಹಾ ಮಾತ್ರ ದಿನವೂ ಒಟ್ಟಿಗೆ.

ಈಶ್ವರ ಎರಡು ಗಲ್ಲಿ ಆಚೆ ಹೊಸ ಗೋದಾಮಿನಲ್ಲಿದ್ದ. ಮೇಲೆ ಬೋರ್ಡು: ಮಹಾದೇವಿ ಮೆಟಲ್ಸ್. ಹೆಂಡತಿಯ ಹೆಸರು. ಹಿಂದಿನ ವರ್ಷದ ಏಪ್ರಿಲ್‌ನಲ್ಲಿ "ಇನ್ನ ಮ್ಯಾಲ ಬಿಲ್ಲು ಈ ಹೆಸರಿಲೆ ಬರ್ತದ" ಎಂದಾಗ ಗುರುಪಾದ ಯಾಕೆಂದು ಕೇಳಿರಲಿಲ್ಲ. ಒಬ್ಬೊಬ್ಬರದು ಒಂದೊಂದು ಅನುಕೂಲ ಎಂದುಕೊಂಡಿದ್ದ.

"ಬಾರೋ ಗುರ್ಯಾ, ಮಾರಿ ಯಾಕ ಇಷ್ಟು ಸಣ್ಣದಾತು?"

ಗುರುಪಾದ ನೋಟಿಸಿನ ಪ್ರತಿ ಮುಂದಿಟ್ಟ. ಈಶ್ವರ ಅದನ್ನು ಓದಲಿಲ್ಲ, ಬರೀ ಮೇಲಿನ ಸಾಲು ನೋಡಿ ತಿರುಗಿಸಿಟ್ಟ. ಓದುವ ಅಗತ್ಯವಿಲ್ಲದವನು ಹಾಗೆ ಮಾಡುತ್ತಾನೆಂದು ಗುರುಪಾದನಿಗೆ ಹೊಳೆದದ್ದು ಆಗ.

"ನಿನಗ ಗೊತ್ತಿತ್ತೇನು?"

"ಹಳೇ ಗೋದಾಮಿಗೆ ಟ್ಯಾಕ್ಸಿನವರು ಬಂದಿದ್ರು. ಶಟರ್ ಹಾಕಿತ್ತು. ನೋಟಿಸ್ ಕಳಿಸಿದ್ರು, ನಾ ಉತ್ತರ ಕೊಡ್ಲಿಲ್ಲ. ಆ ಜಿಎಸ್‌ಟಿ ನಂಬರ್ ನನಗ ಬೇಕೂ ಇರ್ಲಿಲ್ಲ. ಹೋತು ಅಂದ್ರ ಹೋತು."

"ಜನವರಿಯಾಗ ಹೋಗ್ಯದ. ಈಗ ನವೆಂಬರ್. ಹತ್ತು ತಿಂಗಳು ದಿನಾ ನನ್ನ ಎದುರು ಕೂತು ಚಾ ಕುಡದಿ."

"ನಿನಗ ಬರ್ತದಂತ ನನಗೇನು ಕನಸು ಬಿದ್ದಿತ್ತೇನೋ?"

"ಆತು ಬಿಡು. ಎರಡು ಸಾಲು ಬರದು ಕೊಡು. ಮಾಲು ಕೊಟ್ಟೀನಿ ಅಂತ."

ಈಶ್ವರ ಚಹಾದ ಗ್ಲಾಸನ್ನು ಅಂಗೈಯಲ್ಲಿ ತಿರುಗಿಸಿದ. "ಸಹಿ ಮಾಡಿದ್ರ ನನ್ನ ಹುಡಿಕ್ಕೊಂಡು ಇಲ್ಲಿಗೆ ಬರ್ತಾರ. ಈ ಅಂಗಡೀನೂ ಹೋಗ್ತದ. ಹಂಗ ಮಾಡು, ಇದನ್ನ ತಗೋ." ಮೇಜಿನ ಖಾನೆಯಿಂದ ಲಾರಿ ರಸೀದಿಯ ಒಂದು ಖಾಲಿ ಪುಸ್ತಕ ತೆಗೆದ. "ಗೊತ್ತಿದ್ದ ಟ್ರಾನ್ಸ್‌ಪೋರ್ಟ್‌ನವರದು. ಬೇಕಾದ ತಾರೀಖು ಹಾಕ್ಕೋ, ಗಾಡಿ ನಂಬರ್ ಹಾಕ್ಕೋ."

"ನಿನ್ನ ಮಾಲು ಎಂದಾದ್ರೂ ಲಾರಿಯಾಗ ಬಂದದೇನೋ? ಮರೆಪ್ಪನ ಕೈಗಾಡಿ ಮ್ಯಾಲ ಬಂದದ."

"ಕೈಗಾಡಿಗೆ ರಸೀದಿ ಇರ್ತದೇನು?"

ಗುರುಪಾದ ಎದ್ದ. ಸುಳ್ಳು ಬೇಕಾದರೆ ಒಂದು ಪುಸ್ತಕದಷ್ಟು ಕೊಡುತ್ತಿದ್ದಾನೆ, ನಿಜ ಎರಡು ಸಾಲು ಕೊಡಲಾರ. ಪುಸ್ತಕವನ್ನು ಅಲ್ಲೇ ಬಿಟ್ಟು ಬಂದ. ಚಹಾವನ್ನೂ.

ವಿಜೇತಾ ಕೇಳಿ ಹಣೆ ಚಚ್ಚಿಕೊಂಡಳು. "ಥ್ಯಾಂಕ್ ಗಾಡ್ ಆ ಬುಕ್ ತರ್ಲಿಲ್ಲ. ಗಾಡಿ ನಂಬರ್ ಹಾಕಿ ಅವರು ಚೆಕ್ ಮಾಡಿದ್ರೆ ಅದು ಯಾರದೋ ಸ್ಕೂಟರ್ ಅಂತ ಬರುತ್ತೆ. ಆಮೇಲೆ ನಿಮ್ಮ ಖರೇ ಬಿಲ್ಲೂ ಸುಳ್ಳೇ."

ಅವಳು ಈಶ್ವರನ ಹಳೆಯ ನಂಬರನ್ನು ಪೋರ್ಟಲಿನಲ್ಲಿ ಹಾಕಿದಳು. ಯಾವ ತಿಂಗಳು ರಿಟರ್ನ್ ಸಲ್ಲಿಸಿದ್ದಾನೆ ಎಂಬ ಪಟ್ಟಿ ಯಾರು ಬೇಕಾದರೂ ನೋಡಬಹುದಂತೆ. ಅವಳ ಬೆರಳು ಕೆಳಗಿಳಿಯುತ್ತ ಹೋಯಿತು. ಏಪ್ರಿಲ್ ಇದೆ, ಮೇ ಇದೆ, ಜೂನ್ ಇದೆ. ಫೆಬ್ರವರಿ ಇದೆ.

"ಮಾರ್ಚ್ ಇಲ್ಲ."

"ಇಲ್ಲ ಅಂದ್ರ?"

"ಮಾರ್ಚಲ್ಲಿ ನಿಮಗೆ ಮಾರಿದ ಬಿಲ್ಲುಗಳನ್ನ ತೋರಿಸಿದ್ದಾರೆ. ಅದಕ್ಕೇ ನಿಮಗೆ ಕ್ರೆಡಿಟ್ ಕಾಣಿಸ್ತು. ಬಟ್ ಟ್ಯಾಕ್ಸ್ ಕಟ್ಟೋ ರಿಟರ್ನ್ ಇದೆಯಲ್ಲ, ಅದನ್ನ ಹಾಕೇ ಇಲ್ಲ. ಅಲ್ಲಿಂದ ಮುಂದೆ ಏನೂ ಇಲ್ಲ. ನಿಮ್ಮ ಹತ್ರ ತಗೊಂಡ ಟ್ಯಾಕ್ಸ್ ಸರ್ಕಾರಕ್ಕೆ ಹೋಗಿಲ್ಲ, ಕಾಕಾ. ಆ ಕ್ರೆಡಿಟ್ ಅದೇ ವರ್ಷ ನವೆಂಬರ್ ಒಳಗೆ ನಾವೇ ವಾಪಸ್ ಮಾಡ್ಬೇಕಿತ್ತು. ಆವಾಗ ನಿಮ್ಮ ಫೈಲ್ ನನ್ನ ಹತ್ರ ಇರ್ಲಿಲ್ಲ."

ಆಗ ಅವನ ಫೈಲು ಇದ್ದದ್ದು ಈಶ್ವರನೇ ಗೊತ್ತು ಮಾಡಿಕೊಟ್ಟ ಒಬ್ಬನ ಹತ್ತಿರ. ಗುರುಪಾದ ಅದನ್ನು ಹೇಳಲಿಲ್ಲ. ಅವನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಆ ಮಾರ್ಚಿನಲ್ಲಿ ಈಶ್ವರ ಗಾಳಾಕ್ಕೆ ಬಂದು ಹೆಗಲ ಮೇಲೆ ಕೈಹಾಕಿ ಹೇಳಿದ್ದ: "ವರ್ಷದ ಕೊನಿ ಅದ ಗುರ್ಯಾ, ಟಾರ್ಗೆಟ್ ಕಡಿಮಿ ಬಿದ್ದದ. ಈ ತಿಂಗಳು ಎರಡ ಪಟ್ಟು ಎತ್ತು. ನನ್ನ ಮರ್ಯಾದಿ ಉಳಸು." ಗಾಳಾದಲ್ಲಿ ಜಾಗವಿಲ್ಲದೆ ತಗಡನ್ನು ಗೋಡೆಗೆ ಒರಗಿಸಿ, ನಡೆಯುವ ದಾರಿಯಲ್ಲಿ ಹಾಸಿ, ಎಂಟು ಗಾಡಿ ಇಳಿಸಿಕೊಂಡಿದ್ದ ಗುರುಪಾದ. ಅದರ ಮೇಲೇ ಕಾಲಿಟ್ಟು ಓಡಾಡಿ ಒಂದು ತಿಂಗಳು ಕೆಲಸ ಮಾಡಿದ್ದ. ಕೇಳಿದ್ದು ಗೆಳೆಯ, ಅದಕ್ಕೇ.

ಹಳೆಯ ಅಂಗಡಿ ಮುಚ್ಚುವುದೆಂದು ಈಶ್ವರ ಆ ಹೊತ್ತಿಗೇ ತೀರ್ಮಾನಿಸಿಯಾಗಿತ್ತು. ಹೆಂಡತಿಯ ಹೆಸರಿನ ಹೊಸ ನಂಬರು ಬಂದದ್ದು ಏಪ್ರಿಲ್ ಮೊದಲ ವಾರ. ಹತ್ತು ತಿಂಗಳ ಮೌನವನ್ನು ಹೆದರಿಕೆ ಅಂದುಕೊಳ್ಳಬಹುದಿತ್ತು. ಈ ಎಂಟು ಗಾಡಿಯನ್ನು ಏನಂದುಕೊಳ್ಳುವುದು?

"ಮಾರ್ಚಿನ ಒಂದು ಲಕ್ಷ ನಾಕು ಸಾವಿರ ನಿಲ್ಲಲ್ಲ," ಎಂದಳು ವಿಜೇತಾ. "ಅದನ್ನ ಬಡ್ಡಿ ಜೊತೆ ಈಗ್ಲೇ ಕಟ್ಟಿಬಿಡೋಣ. ಅದರ ಮೇಲೆ ದಂಡ ಬೇಡ ಅಂತ ಕೇಳೋಣ. ಉಳಿದ ಹನ್ನೊಂದು ತಿಂಗಳಿಗೆ ಫೈಟ್ ಮಾಡೋಣ."

"ಒಂದ ತಗಡಿಗೆ ಎರಡು ಸಲ ಟ್ಯಾಕ್ಸ್?"

"ಹೌದು ಕಾಕಾ. ಕಾನೂನು ಹಾಗಿದೆ. ಸುಳ್ಳು ಹೇಳಿದ್ರೆ ನಿಮಗೆ ಖುಷಿ ಆಗುತ್ತೆ, ಬಟ್ ಕೇಸ್ ಬೀಳುತ್ತೆ."

ಉಳಿದ ತಿಂಗಳುಗಳಿಗೆ ಬಿಲ್ಲುಗಳಿದ್ದವು, ಬ್ಯಾಂಕಿನ ದಾಖಲೆಯಿತ್ತು, ಈಶ್ವರ ತೆರಿಗೆಯ ರಿಟರ್ನ್ ಸಲ್ಲಿಸಿದ್ದೂ ಪೋರ್ಟಲಿನಲ್ಲೇ ಇತ್ತು. ಕೊಂಡ ದಿನ ಅವನ ನೋಂದಣಿ ಜೀವಂತವಾಗಿತ್ತು. ಇಲ್ಲದ್ದು ಒಂದೇ: ಮಾಲು ನಿಜವಾಗಿ ಬಂತೆನ್ನುವುದಕ್ಕೆ ಸಾಕ್ಷಿ. ಅದನ್ನು ತೋರಿಸಬೇಕಾದವನು ಕೊಂಡವನೇ. ಗಾಳಾದಲ್ಲಿ ಜಾಗ ಕಡಿಮೆಯೆಂದು ಗುರುಪಾದ ವಾರವಾರ ಸ್ವಲ್ಪ ಸ್ವಲ್ಪ ಎತ್ತುತ್ತಿದ್ದ. ಪ್ರತಿ ಬಿಲ್ಲೂ ಲಕ್ಷದ ಒಳಗೆ. ಹಾಗಾಗಿ ಮಾಲು ಸಾಗಿಸುವ ಸರ್ಕಾರಿ ಚೀಟಿಯಾದ ಇ-ವೇ ಬಿಲ್ಲಿನ ಅಗತ್ಯವೂ ಬಿದ್ದಿರಲಿಲ್ಲ. ಎರಡು ಗಲ್ಲಿ ದಾಟಿ ಬರುವ ಕೈಗಾಡಿಗೆ ಯಾವ ಕಾಗದ?

ಎರಡು ದಿನ ಬಿಟ್ಟು ಬೈಕುಲ್ಲಾದ ದೂಜಣ್ಣನ ಹೋಟೆಲಿನಿಂದ ಫೋನು ಬಂತು, ಮೇಜಿನ ಕಾಲು ಅಲುಗುತ್ತಿದೆ ಎಂದು. ಮಧ್ಯಾಹ್ನ ಅಡುಗೆಮನೆ ತಣ್ಣಗಿರುವ ಹೊತ್ತಿಗೆ ಗುರುಪಾದ ಹೋಗಿ ದೋಸೆಯ ಮೇಜಿನ ಕೆಳಗೆ ತೂರಿಕೊಂಡ. ಅಂಗಾತ ಮಲಗಿ ಟಾರ್ಚು ಹಚ್ಚಿದ. ಮೂಗಿನಿಂದ ಗೇಣಿನ ದೂರದಲ್ಲಿ, ತಗಡಿನ ಕೆಳಮೈಯಲ್ಲಿ, ಬೂದು ಮಸಿಯ ಸಣ್ಣ ಅಕ್ಷರಗಳು ಸಾಲಾಗಿ ಕಂಡವು. ಮಿಲ್ಲಿನ ಗುರುತು, ೩೦೪ ಎಂಬ ದರ್ಜೆ, ಅದರ ಮುಂದೆ ಆ ತಗಡು ಯಾವ ಕುಲುಮೆಯ ಯಾವ ಸುರಿವಿನದೆಂದು ಹೇಳುವ ಹೀಟ್ ನಂಬರು.

ಬೇರೆ ಗಾಳಾದವರು ಅದನ್ನು ಒರೆಸಿ ಪಾಲಿಶ್ ಹೊಡೆದು ಕೊಡುತ್ತಿದ್ದರು. ಗುರುಪಾದ ಒರೆಸುತ್ತಿರಲಿಲ್ಲ. ಆ ಪದ್ಧತಿ ಮಾಡಿದವನು ದೂಜಣ್ಣನೇ. ಹಿಂದೊಮ್ಮೆ ಯಾರೋ ೩೦೪ ಎಂದು ಹೇಳಿ ಕಡಿಮೆ ದರ್ಜೆಯದನ್ನು ಕೊಟ್ಟು, ಆರು ತಿಂಗಳಿಗೆ ತುಕ್ಕು ಹಿಡಿದು ಅವನು ಕೈಸುಟ್ಟುಕೊಂಡಿದ್ದ. "ಮೇಲಿನಿಂದ ಎಲ್ಲವೂ ಹೊಳೀತದೆ ಮಾರಾಯ್ರೆ, ನನಗೆ ಅಡಿಯ ಅಕ್ಷರ ಬೇಕು" ಎಂದು ಹಟ ಹಿಡಿದಿದ್ದ. ಅವನ ಮಾತು ಕೇಳಿ ಉಳಿದ ಹೋಟೆಲಿನವರೂ ಅದನ್ನೇ ಕೇಳತೊಡಗಿದರು. ಅದಕ್ಕಾಗಿಯೇ ಈಶ್ವರನ ಪ್ರತಿ ಬಿಲ್ಲಿನ ಹಿಂದೆ ಮಿಲ್ಲಿನ ಸರ್ಟಿಫಿಕೇಟಿನ ಪ್ರತಿ ಪಿನ್ ಹೊಡೆದಿರುತ್ತಿತ್ತು. ಅದರಲ್ಲೂ ಇದೇ ನಂಬರು.

"ಕಾಲು ಸರಿಯಾಯ್ತಾ?" ಎಂದು ಮೇಲಿನಿಂದ ದೂಜಣ್ಣ ಕೇಳಿದ. "ಎಂಥ ನಿದ್ದೆ ಬಂತಾ ನಿಮಗೆ?"

"ದೂಜಣ್ಣಾ, ಒಂದು ಫೋಟೋ ತಗೋತೀನ್ರಿ."

"ನನ್ನದಾ?"

"ನಿಮ್ಮ ಮೇಜಿಂದು. ಅಡಿಯಿಂದ."

"ನನ್ನದಕ್ಕಿಂತ ಅದೇ ಚಂದ ಬರ್ತದೆ, ತೆಗೀರಿ ತೆಗೀರಿ."

ಅಲ್ಲಿಂದ ಮುಂದಿನ ಹನ್ನೆರಡು ದಿನ ಗುರುಪಾದ ಮುಂಬಯಿಯನ್ನು ಮೇಜಿನ ಕೆಳಗಿನಿಂದ ನೋಡಿದ. ಬೊರಿವಲಿಯಲ್ಲಿ ತೊಟ್ಟಿಯ ಅಡಿ, ಬೈಕುಲ್ಲಾದಲ್ಲಿ ಇಡ್ಲಿ ಪೆಟ್ಟಿಗೆಯ ಹಿಂಬದಿ. ಮೈಮೇಲೆ ಸಾಂಬಾರು ಸೋರಿತು, ಜಿರಲೆ ಓಡಿತು, ಬೊರಿವಲಿಯ ಅಡಿಗೆಯವನೊಬ್ಬ ಕಳ್ಳನೆಂದು ಕಾಲು ಹಿಡಿದೆಳೆದ. ಕೆಲವು ಕಡೆ ಅಕ್ಷರ ಅಳಿಸಿಹೋಗಿತ್ತು. ಆದರೂ ಹತ್ತೊಂಬತ್ತು ಬಿಲ್ಲುಗಳ ನಂಬರು ಸಿಕ್ಕಿತು. ಪ್ರತಿ ಹೋಟೆಲಿನ ಮಾಲೀಕನೂ ಲೆಟರ್‌ಹೆಡ್ಡಿನ ಮೇಲೆ ಬರೆದುಕೊಟ್ಟ: ಈ ಮೇಜು ಇಂಥ ತಾರೀಖು, ಇಂಥ ಬಿಲ್ಲಿಗೆ ಗುರುಪಾದ ಮಾಡಿಕೊಟ್ಟದ್ದು. ರಕ್ತಸಂಬಂಧವಿಲ್ಲದ, ಊರೂ ಬೇರೆಯಾದ ಜನ ಕೇಳಿದ ಕೂಡಲೇ ಸಹಿ ಹಾಕುತ್ತಿದ್ದರು. ಪ್ರತಿ ಸಹಿಯೂ ಅವನಿಗೆ ಸಿಗದೇ ಹೋದ ಇನ್ನೊಂದು ಸಹಿಯನ್ನು ನೆನಪಿಸುತ್ತಿತ್ತು.

ಆ ವರ್ಷದ ಜನವರಿ ತಿಂಗಳಿನದು ಮಾತ್ರ ಒಂದೂ ಸಿಗಲಿಲ್ಲ. ಜನವರಿಯ ತಗಡು ಏನಾಯಿತೆಂದು ನೆನೆಸುತ್ತ ಕೂತವನಿಗೆ ಥಟ್ಟನೆ ನೆನಪಾಯಿತು. ಈಶ್ವರ ಕುರ್ಲಾದಲ್ಲೇ ಹೊಸ ಬಿಲ್ಡಿಂಗಿನಲ್ಲಿ ಮನೆ ಕೊಂಡಿದ್ದ. ಗೃಹಪ್ರವೇಶಕ್ಕೆಂದು ಗುರುಪಾದ ಎರಡು ತಗಡು ಕತ್ತರಿಸಿ, ಅಂಚು ಮಡಚಿ, ತನ್ನ ಕೈಯಾರೆ ಒಂದು ಅಡುಗೆಕಟ್ಟೆ ಮಾಡಿಕೊಟ್ಟಿದ್ದ.

ಈಶ್ವರ ಗೋದಾಮಿನಲ್ಲಿರುವ ಹೊತ್ತು ನೋಡಿಕೊಂಡು ಹೋದ. ಬಾಗಿಲು ತೆರೆದವಳು ಮಹಾದೇವಿ. "ಬಾ ಗುರಣ್ಣಾ. ಒಂದು ತಿಂಗಳಾತು, ಈ ಕಡೆ ತಲೀನ ಹಾಕಿಲ್ಲ."

"ವೈನಿ, ನಿಮ್ಮ ಕಟ್ಟಿ ಅಡಿಯಾಗ ಸ್ವಲ್ಪ ಮಲಗಬೇಕಾಗ್ಯದ."

ಅವಳು ನಕ್ಕು ಗ್ಯಾಸಿನ ಸಿಲಿಂಡರು ಸರಿಸಿದಳು, ಟಾರ್ಚು ತಾನೇ ಹಿಡಿದಳು. ಅಕ್ಷರ ಸ್ವಚ್ಛವಾಗಿತ್ತು. ಗುರುಪಾದ ಫೋಟೋ ತೆಗೆದು, ಅಲ್ಲೇ ಮಲಗಿಕೊಂಡೇ ಕೇಳಿದ: "ವೈನಿ, ಅಂಗಡಿ ನಿಮ್ಮ ಹೆಸರಿಲೆ ಅದಲ್ಲ, ಅದರ ಕಾಗದ ಪತ್ರ ನೀವು ನೋಡ್ತೀರೇನು?"

"ನನಗೇನು ತಿಳೀತದ? ತಿಂಗಳಿಗೊಮ್ಮೆ ನನ್ನ ಫೋನಿಗೆ ಆರು ಅಂಕಿ ಬರ್ತಾವ. ಅವರು ಕೇಳ್ತಾರ, ನಾ ಓದಿ ಹೇಳ್ತೀನಿ. ಅಷ್ಟ."

ಗಂಡ ಹೆಂಡತಿ ನಡುವೆ ತಾನೇಕೆ ಬಾಯಿ ಹಾಕಲಿ ಎಂದು ಗುರುಪಾದನಿಗೆ ಅನಿಸಿತು. ಆದರೆ ಗೊತ್ತಿದ್ದೂ ಎದುರು ಕೂತು ಚಹಾ ಕುಡಿಯುವುದು ಹೇಗಿರುತ್ತದೆಂದು ಅವನು ಆಗಷ್ಟೇ ಕಲಿತಿದ್ದ. ಎದ್ದು ಕೂತು, ಅಂಗಿಯ ಧೂಳು ಝಾಡಿಸಿ, ಎಲ್ಲವನ್ನೂ ಹೇಳಿದ. ಹಳೆಯ ನಂಬರು, ಮಾರ್ಚಿನ ಎಂಟು ಗಾಡಿ, ಕೊಡದೇ ಹೋದ ಎರಡು ಸಾಲು.

"ನಾಳೆ ಈ ಅಂಗಡಿಗೂ ಹಂಗಾದ್ರ ನೋಟಿಸ್ ಬರೂದು ನಿಮ್ಮ ಹೆಸರಿಗೆ. ಅಂಕಿ ಕೇಳಿದಾಗ ಯಾವುದಕ್ಕ ಅಂತ ಕೇಳ್ರಿ ವೈನಿ. ಅಷ್ಟ ನಾ ಹೇಳೂದು."

ಮಹಾದೇವಿ ಟಾರ್ಚು ಆರಿಸುವುದನ್ನು ಮರೆತು ನಿಂತಿದ್ದಳು.

ಆ ಫೋಟೋವನ್ನು ವಿಜೇತಾ ಹಿಗ್ಗಿಸಿ ನೋಡಿದಳು. "ಸೂಪರ್ ಕ್ಲಿಯರ್. ಇದು ಯಾವ ಹೋಟೆಲ್?"

"ಹೋಟೆಲ್ ಅಲ್ಲ. ಈಶ್ವರನ ಮನಿ. ಗೃಹಪ್ರವೇಶಕ್ಕ ಕೊಟ್ಟದ್ದು."

"ಗಿಫ್ಟಾ?" ಅವಳು ಫೋನು ಕೆಳಗಿಟ್ಟಳು. "ಅಯ್ಯೋ ಕಾಕಾ. ಗಿಫ್ಟ್ ಕೊಟ್ಟ ಮಾಲಿಗೆ ಕ್ರೆಡಿಟ್ ಸಿಗಲ್ಲ. ಇದನ್ನ ಹಾಕೋ ಹಾಗಿಲ್ಲ. ಉಲ್ಟಾ ಅದರ ಟ್ಯಾಕ್ಸ್ ನಾವೇ ವಾಪಸ್ ಕಟ್ಬೇಕು. ಸಾವಿರದ ಏಳುನೂರು ಚಿಲ್ಲರೆ."

ಗುರುಪಾದ ಬಹಳ ದಿನಗಳ ನಂತರ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ಮುಗಿದಾಗ ಕಣ್ಣೊರೆಸಿಕೊಳ್ಳಬೇಕಾಯಿತು. "ಕಟ್ಟು," ಎಂದ. "ಅದನ್ನೂ ಕಟ್ಟು."

ಮಾರ್ಚಿನದನ್ನೂ ಉಡುಗೊರೆಯದನ್ನೂ ಬಡ್ಡಿ ಸಮೇತ ಕಟ್ಟಲು ಹೆಂಡತಿಯ ಬಳೆ ಅಡವಿಡಬೇಕಾಯಿತು. ಕಟ್ಟಿದ ಚಲನ್ನು ಮೇಲಿಟ್ಟು, ಉಳಿದದ್ದಕ್ಕೆ ಇಪ್ಪತ್ತೆಂಟನೆಯ ದಿನ ಉತ್ತರ ಹೋಯಿತು. ಅದರಲ್ಲಿ ಕೈಗಾಡಿಯನ್ನು ಮರೆಮಾಡಿರಲಿಲ್ಲ. ಮಾಲು ಕೈಗಾಡಿಯಲ್ಲಿ ಬಂತು ಎಂದೇ ಬರೆದು, ಮರೆಪ್ಪನ ಹೇಳಿಕೆಯನ್ನು ಅವನ ಹೆಬ್ಬೆಟ್ಟಿನೊಂದಿಗೆ ಸೇರಿಸಿದ್ದರು.

ವಿಚಾರಣೆ ಮಜಗಾಂವಿನ ಜಿಎಸ್‌ಟಿ ಕಚೇರಿಯಲ್ಲಿ. ಅಧಿಕಾರಿ ನಲವತ್ತರ ಆಸುಪಾಸಿನ ಹೆಂಗಸು. ಮರಾಠಿಯಲ್ಲಿ ಮಾತು, ಕೈಯಲ್ಲಿ ಪೆನ್ಸಿಲು. ಫೋಟೋಗಳನ್ನು ಒಂದೊಂದಾಗಿ ಸರ್ಟಿಫಿಕೇಟಿಗೆ ತಾಳೆ ನೋಡಿದಳು.

"ಒಂದೇ ಹೀಟ್ ನಂಬರಿನ ತಗಡು ನೂರು ಅಂಗಡಿಗೆ ಹೋಗಿರುತ್ತದೆ. ಇದನ್ನು ನೀವು ಬೇರೆಯವರಲ್ಲಿ ಬಿಲ್ಲಿಲ್ಲದೆ ಕೊಂಡಿರಬಹುದಲ್ಲ?"

ವಿಜೇತಾ ಬಾಯಿ ತೆರೆಯುವ ಮೊದಲೇ ಗುರುಪಾದ ಮರಾಠಿಯಲ್ಲೇ ಉತ್ತರಿಸಿದ: "ಮೇಡಂ, ಬೇರೆಯವರಲ್ಲಿ ಕೊಂಡಿದ್ದರೆ ಈಶ್ವರನಿಗೆ ಪ್ರತಿ ವಾರ ಬ್ಯಾಂಕಿನಿಂದ ದುಡ್ಡು ಯಾಕೆ ಕಳಿಸಲಿ? ಆ ವರ್ಷ ಈ ಒಬ್ಬನನ್ನು ಬಿಟ್ಟು ಮತ್ತೆ ಯಾರ ಹತ್ತಿರವೂ ನಾನು ತಗಡು ಕೊಂಡಿಲ್ಲ, ನಿಮ್ಮ ಕಂಪ್ಯೂಟರಿನಲ್ಲೇ ಇದೆ. ಅದೇ ವರ್ಷ ಎಂಬತ್ತಾರು ಮೇಜು ಮಾರಿ ಟ್ಯಾಕ್ಸ್ ಕಟ್ಟಿದ್ದೇನೆ, ಅದೂ ನಿಮ್ಮಲ್ಲೇ ಇದೆ. ತಗಡು ಬರದಿದ್ದರೆ ಮೇಜು ಯಾವುದರಿಂದ ಮಾಡಿದೆ?"

ಅವಳ ಪೆನ್ಸಿಲು ನಿಂತಿತು. "ಮಾರ್ಚಿನದು ನೀವೇ ಕಟ್ಟಿದ್ದೀರಿ. ಆ ಮಾಲು ಬಂದಿರಲಿಲ್ಲವೇ?"

"ಬಂದಿತ್ತು. ಎಂಟು ಗಾಡಿ. ಟ್ಯಾಕ್ಸ್ ನಿಮಗೆ ಬಂದಿಲ್ಲವಲ್ಲ."

"ಅವನ ಮೇಲೆ ನೀವು ಸಿವಿಲ್ ದಾವೆ ಹಾಕಬಹುದು, ಗೊತ್ತಲ್ಲ?"

ಗುರುಪಾದ ತನ್ನ ಬಿಲ್ಲುಗಳ ಫೈಲು ಮುಚ್ಚಿ ಎದ್ದ.

ಆದೇಶ ಬಂದದ್ದು ಫೆಬ್ರವರಿಯಲ್ಲಿ. ಮಾರಾಟಗಾರನ ನೋಂದಣಿ ಆನಂತರ ಹಿಂದಿನ ತಾರೀಖಿನಿಂದ ರದ್ದಾಗಿದೆ ಎಂಬುದೊಂದೇ ಕಾರಣಕ್ಕೆ ಕ್ರೆಡಿಟ್ ತಳ್ಳಿಹಾಕಲಾಗದು. ಮಾಲು ಬಂದದ್ದು, ಹಣ ಹೋದದ್ದು, ತೆರಿಗೆ ಕಟ್ಟಿದ್ದು ದಾಖಲೆಯಿಂದ ಕಾಣುತ್ತದೆ. ಮಾರ್ಚಿನದನ್ನೂ ಉಡುಗೊರೆಯದನ್ನೂ ಕಟ್ಟಿಯಾಗಿದೆ. ಉಳಿದ ಬೇಡಿಕೆ ಕೈಬಿಡಲಾಗಿದೆ. ವಿಜೇತಾ ಫೋನಿನಲ್ಲೇ ಕಿರುಚಿದಳು. ಗುರುಪಾದ ಬೆಂಡಿಂಗ್ ಮಶೀನಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತ.

ಸುದ್ದಿ ಗಲ್ಲಿಗೆ ಹರಡಿತು. ಮಧ್ಯಾಹ್ನ ಮರೆಪ್ಪನ ಕೈಗಾಡಿ ಬಂದು ನಿಂತಿತು. ಮೇಲೆ ಆರು ತಗಡು, ಮಹಾದೇವಿ ಮೆಟಲ್ಸ್ ಬಿಲ್ಲು. ಯಾರೂ ಹೇಳಿಕಳಿಸಿರಲಿಲ್ಲ. ಹಿಂದೆಯೇ ಈಶ್ವರನ ಫೋನು.

"ನಾ ಹೇಳಿರ್ಲಿಲ್ಲೇನೋ, ಏನೂ ಆಗೂದಿಲ್ಲ ಅಂತ? ಮಾಲು ಕಳ್ಸೀನಿ, ರೇಟು ಕಡಿಮಿ ಹಾಕೀನಿ. ಚಾಕ್ಕ ಬರ್ತೀನಿ, ತರಸಿಡು."

"ಮಾಲು ವಾಪಸ್ ಬರ್ತದ," ಎಂದ ಗುರುಪಾದ. "ಚಾ ನಿನ್ನ ಅಂಗಡ್ಯಾಗ ಕುಡಿ." ಫೋನು ಇಟ್ಟು ಮರೆಪ್ಪನಿಗೆ ಗಾಡಿಯ ಬಾಡಿಗೆ ಎರಡೂ ಕಡೆಯದು ಕೊಟ್ಟ. ಮರೆಪ್ಪ ಗಾಡಿ ತಿರುಗಿಸಿದ. ಅವನು ಗಲ್ಲಿಯ ತಿರುವಿನಲ್ಲಿ ಮರೆಯಾಗುವವರೆಗೂ ಗುರುಪಾದ ನೋಡುತ್ತಲೇ ಇದ್ದ. ಗೆದ್ದ ದಿನ ಇಷ್ಟು ಖಾಲಿ ಅನಿಸುವುದೆಂದು ಅವನು ಎಣಿಸಿರಲಿಲ್ಲ.

ಸಂಜೆ ಶಟರಿನ ಬಳಿ ಯಾರೋ ನಿಂತಂತಾಯಿತು. ಮಹಾದೇವಿ. ತಲೆಯ ಮೇಲೆ ಸೆರಗು, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಅದರೊಳಗೆ ಆಧಾರ್ ಕಾರ್ಡು, ಪ್ಯಾನ್ ಕಾರ್ಡು, ಬ್ಯಾಂಕಿನ ಪುಸ್ತಕ.

"ಇವತ್ತೂ ಅಂಕಿ ಬಂದಿದ್ವು ಗುರಣ್ಣಾ. ಯಾವುದಕ್ಕ ಅಂತ ಕೇಳಿದೆ. ಫೋನ್ ಕಸಗೊಂಡು ತಾವ ನೋಡ್ಕೊಂಡ್ರು." ಅವಳು ಚೀಲವನ್ನು ಎದೆಗೊತ್ತಿ ಹಿಡಿದಳು. "ನಿನ್ನ ಟ್ಯಾಕ್ಸ್ ನೋಡೂ ಆ ಹುಡುಗಿ ಕಡೆ ನನ್ನ ಕರಕೊಂಡು ಹೋಗ್ತೀಯೇನು?"

ಗುರುಪಾದ ಶಟರು ಎಳೆದು ಬೀಗ ಹಾಕಿದ. "ನಡೀರಿ ವೈನಿ," ಎಂದ. "ಏಳೂವರಿ ತನಕ ಇರ್ತಾಳ."